ವೋಸ್ತೋಕ್‌ನ ಹಿಮ, ಬೆಲ್‌ಗ್ರೇಡಿನ ಗಣಿತ

1914ನೆಯ ಇಸವಿಯ ಬೇಸಗೆಯಲ್ಲಿ, ಹೊಸದಾಗಿ ಮದುವೆಯಾಗಿ ಹೆಂಡತಿಯೊಡನೆ ತನ್ನ ಹುಟ್ಟೂರಾದ ದಾಲ್ಯ್ ಗ್ರಾಮಕ್ಕೆ ಬಂದಿದ್ದ ಮಿಲುಟಿನ್ ಮಿಲಾಂಕೋವಿಚ್ ಎಂಬ ಪ್ರಾಧ್ಯಾಪಕನನ್ನು ಆಸ್ಟ್ರಿಯ-ಹಂಗರಿ ಸಾಮ್ರಾಜ್ಯದ ಅಧಿಕಾರಿಗಳು ಹಿಡಿದು ಸೆರೆಯಲ್ಲಿಟ್ಟರು. ಅವನು ಸೆರ್ಬಿಯದ ಪ್ರಜೆ, ಬೆಲ್‌ಗ್ರೇಡ್ ವಿಶ್ವವಿದ್ಯಾಲಯದಲ್ಲಿ ಅನ್ವಿತ ಗಣಿತವನ್ನು ಬೋಧಿಸುತ್ತಿದ್ದವನು. ಮಹಾಯುದ್ಧ ಆರಂಭವಾಗಿದ್ದ ಆ ದಿನಗಳಲ್ಲಿ ಅಷ್ಟೇ ಸಾಕಾದ ಅಪರಾಧವಾಗಿದ್ದಿತು. ಓಸಿಯೆಕ್ ಕೋಟೆಯ ಕೋಣೆಯಲ್ಲಿ ಬಾಗಿಲು ಮುಚ್ಚಿದ ಮೇಲೆ ಅವನು ಮಾಡಿದ ಕೆಲಸವೆಂದರೆ ಜೊತೆಯಲ್ಲಿ ತಂದಿದ್ದ ಕಾಗದಗಳನ್ನು ಹೊರಗೆ ತೆಗೆದು, ಅರ್ಧಕ್ಕೆ ನಿಂತಿದ್ದ ಲೆಕ್ಕವನ್ನು ಮುಂದುವರಿಸಿದ್ದು. ಕೆಲವು ಕಾಲದ ಮೇಲೆ, ವಿಯೆನ್ನದ ಹಿರಿಯ ಪ್ರಾಧ್ಯಾಪಕನೊಬ್ಬನ ಪ್ರಯತ್ನದಿಂದ, ಬುಡಾಪೆಸ್ಟ್ ನಗರವನ್ನು ಬಿಟ್ಟುಹೋಗಕೂಡದೆಂಬ ಕಟ್ಟಿನ ಮೇಲೆ ಅವನಿಗೆ ಬಿಡುಗಡೆ ದೊರೆಯಿತು. ಯುದ್ಧದ ವರ್ಷಗಳನ್ನೆಲ್ಲ ಅವನು ಅಲ್ಲಿನ ವಿಜ್ಞಾನ ಅಕಾಡೆಮಿಯ ಗ್ರಂಥಾಲಯದಲ್ಲಿ ಕಳೆದನು. ಹೊರಗೆ ಮೂರು ಸಾಮ್ರಾಜ್ಯಗಳು ಕುಸಿಯುತ್ತಿದ್ದಾಗ ಒಳಗೆ ಈ ಬಂದಿಯು, ಕಳೆದ ಹಲವು ಲಕ್ಷ ವರ್ಷಗಳಲ್ಲಿ ಭೂಮಿಯ ಯಾವ ಅಕ್ಷಾಂಶದ ಮೇಲೆ ಎಷ್ಟು ಬಿಸಿಲು ಬಿದ್ದಿತೆಂಬುದನ್ನು ಕೈಯಿಂದಲೇ ಗುಣಿಸಿ ಭಾಗಿಸಿ ಕಂಡುಕೊಳ್ಳುವ ಹಾದಿಯನ್ನು ಸಿದ್ಧಪಡಿಸುತ್ತಿದ್ದನು.

ಈ ವಿಚಾರಕ್ಕೆ ಅವನೇ ಮೊದಲಿಗನಲ್ಲ. ಗ್ಲಾಸ್ಗೋ ನಗರದ ಒಂದು ವಿದ್ಯಾಸಂಸ್ಥೆಯಲ್ಲಿ ಕಾವಲುಗಾರನ ಕೆಲಸಕ್ಕೆ ಸೇರಿ, ಅಲ್ಲಿನ ಪುಸ್ತಕಗಳನ್ನೆಲ್ಲ ಓದಿ ಸ್ವಯಂಪಂಡಿತನಾದ ಜೇಮ್ಸ್ ಕ್ರಾಲ್ ಎಂಬಾತನು 1864ರಲ್ಲಿಯೇ ಹಿಮಯುಗಗಳಿಗೆ ಭೂಕಕ್ಷೆಯ ವ್ಯತ್ಯಾಸಗಳೇ ಕಾರಣವಿರಬೇಕೆಂದು ಬರೆದಿದ್ದನು. ಆದರೆ ಚಳಿಗಾಲವು ದೀರ್ಘವೂ ಉಗ್ರವೂ ಆದಾಗ ಹಿಮ ಬೆಳೆಯುತ್ತದೆಂದು ಅವನು ತರ್ಕಿಸಿದನು. ಅದರಂತೆ ಲೆಕ್ಕ ಹಾಕಿದರೆ ಕೊನೆಯ ಹಿಮಯುಗ ಮುಗಿದು ಸುಮಾರು 80,000 ವರ್ಷಗಳಾಗಿರಬೇಕಾಗಿದ್ದಿತು. ಭೂವಿಜ್ಞಾನಿಗಳಿಗೆ ನೆಲದ ಮೇಲೆ ಕಾಣುತ್ತಿದ್ದ ಗುರುತುಗಳಾದರೋ ಬಹಳ ಹೊಸವಾಗಿದ್ದವು. ಕ್ರಾಲ್‌ನ ಗ್ರಂಥವು ಧೂಳು ಹಿಡಿಯಿತು.

ಮಿಲಾಂಕೋವಿಚ್ ಗಣನೆಗೆ ತೆಗೆದುಕೊಂಡ ಚಲನೆಗಳು ಮೂರು. ಮೊದಲನೆಯದಾಗಿ, ಸೂರ್ಯನ ಸುತ್ತ ಭೂಮಿಯ ದಾರಿಯು ಇತರ ಗ್ರಹಗಳ ಸೆಳೆತದಿಂದಾಗಿ ಕೆಲವು ಕಾಲ ಹೆಚ್ಚು ಕಡಿಮೆ ಪೂರ್ಣವೃತ್ತವಾಗಿಯೂ ಕೆಲವು ಕಾಲ ತುಸು ನೀಳವಾಗಿಯೂ ಇರುತ್ತದೆ. ಈ ಬದಲಾವಣೆಯ ಆವರ್ತ ಸುಮಾರು ಒಂದು ಲಕ್ಷ ವರ್ಷ. ಎರಡನೆಯದಾಗಿ, ಭೂಮಿಯ ಅಕ್ಷದ ಓರೆಯು 22 ಡಿಗ್ರಿಗಿಂತ ಸ್ವಲ್ಪ ಮೇಲಿನಿಂದ ಇಪ್ಪತ್ತನಾಲ್ಕೂವರೆ ಡಿಗ್ರಿಯವರೆಗೆ 41,000 ವರ್ಷಗಳಿಗೊಮ್ಮೆ ಹೋಗಿ ಬರುತ್ತದೆ. ಮೂರನೆಯದು ಅಯನಚಲನೆ, ನಮ್ಮ ಪಂಚಾಂಗ ಕರ್ತರಿಗೆ ಅಯನಾಂಶದ ಲೆಕ್ಕದಿಂದ ಬಲು ಹಿಂದಿನಿಂದಲೇ ಪರಿಚಿತವಾದದ್ದು. ನಕ್ಷತ್ರಗಳೆದುರು ಅದರ ಒಂದು ಸುತ್ತಿಗೆ 26,000 ವರ್ಷಗಳು ಬೇಕಾದರೂ, ಕಕ್ಷೆಯ ದೀರ್ಘಾಕ್ಷವೂ ಅದಕ್ಕೆ ಎದುರಾಗಿ ಮೆಲ್ಲನೆ ತಿರುಗುತ್ತಿರುವುದರಿಂದ, ಋತುಗಳ ಮಟ್ಟಿಗೆ ಅದರ ಫಲವು 19,000ದಿಂದ 23,000 ವರ್ಷಗಳಿಗೊಮ್ಮೆ ಮರಳುತ್ತದೆ. ಈಗ ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪಕ್ಕೆ ಬರುವುದು ಜನವರಿಯ ಮೊದಲ ವಾರದಲ್ಲಿ, ಉತ್ತರಾರ್ಧಗೋಳದಲ್ಲಿ ಚಳಿಯಿರುವಾಗ. ಸುಮಾರು 11,000 ವರ್ಷಗಳ ಹಿಂದೆ ಆ ಸಾಮೀಪ್ಯವು ಅಲ್ಲಿನ ಬೇಸಗೆಯಲ್ಲಿಯೇ ಒದಗುತ್ತಿದ್ದುದರಿಂದ ಉತ್ತರದ ಬೇಸಗೆಯ ಬಿಸಿಲು ಈಗಿರುವುದಕ್ಕಿಂತ ಶೇಕಡಾ ಎಂಟರಷ್ಟು ಹೆಚ್ಚಾಗಿದ್ದಿತು.

ಈ ಲೆಕ್ಕವನ್ನೆಲ್ಲ 1920ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಕಂಡು, ಹ್ಯಾಂಬರ್ಗಿನಲ್ಲಿದ್ದ ವಯೋವೃದ್ಧ ಹವಾಮಾನ ಪಂಡಿತ ವ್ಲಾಡಿಮಿರ್ ಕೊಪ್ಪೆನ್ ಅವನಿಗೆ ಪತ್ರ ಬರೆದನು. ಇತಿಹಾಸದ ದೃಷ್ಟಿಯಿಂದ ಆ ಪತ್ರವ್ಯವಹಾರದಷ್ಟು ಫಲಕಾರಿಯಾದುದು ಈ ಕಥೆಯಲ್ಲಿ ಇನ್ನೊಂದಿಲ್ಲ. ಹಿಮಯುಗಕ್ಕೆ ನಿರ್ಣಾಯಕವಾದ ಋತು ಯಾವುದೆಂದು ಮಿಲಾಂಕೋವಿಚ್ ಕೇಳಿದಾಗ, ಕೊಪ್ಪೆನ್ ಬೇಸಗೆಯತ್ತ ಬೆರಳು ತೋರಿಸಿದನು. ಉತ್ತರ ಧ್ರುವದ ಸಮೀಪದ ನಾಡುಗಳಲ್ಲಿ ಚಳಿಗಾಲವು ಯಾವ ಯುಗದಲ್ಲಿಯಾದರೂ ಹಿಮ ಬೀಳುವಷ್ಟು ತಣ್ಣಗೆ ಇದ್ದೇ ಇರುತ್ತದೆ. ಬಿದ್ದ ಹಿಮವು ಬೇಸಗೆಯಲ್ಲಿ ಪೂರ್ತಿಯಾಗಿ ಕರಗುವುದೋ, ಕರಗದೆ ಉಳಿದು ಮುಂದಿನ ವರ್ಷದ ಹಿಮಕ್ಕೆ ಅಡಿಪಾಯವಾಗುವುದೋ ಎಂಬುದೇ ಪ್ರಶ್ನೆ. ಕ್ರಾಲ್ ತಪ್ಪಿದ್ದು ಇಲ್ಲಿಯೇ. ಮಿಲಾಂಕೋವಿಚ್ ಸುಮಾರು ನೂರು ದಿನಗಳ ಕಾಲ ಬೆಳಗಿನಿಂದ ರಾತ್ರಿಯವರೆಗೆ ಕುಳಿತು, ಉತ್ತರದ 55, 60 ಮತ್ತು 65ನೆಯ ಅಕ್ಷಾಂಶಗಳ ಬೇಸಗೆಯ ಬಿಸಿಲನ್ನು ಆರು ಲಕ್ಷಕ್ಕೂ ಮೇಲ್ಪಟ್ಟ ವರ್ಷಗಳಿಗೆ ಲೆಕ್ಕ ಹಾಕಿ ವಕ್ರರೇಖೆಯಾಗಿ ಬರೆದು ಕಳುಹಿಸಿದನು. 1924ರಲ್ಲಿ ಕೊಪ್ಪೆನ್ ತನ್ನ ಅಳಿಯ ಆಲ್‌ಫ್ರೆಡ್ ವೆಗೆನರ್‌ನೊಡನೆ ಬರೆದ ಗ್ರಂಥದಲ್ಲಿ ಅದು ಪ್ರಕಟವಾಯಿತು. ಬಾಳಿನ ದುಡಿಮೆಯನ್ನೆಲ್ಲ ಒಂದುಗೂಡಿಸಿದ ಮಿಲಾಂಕೋವಿಚ್‌ನ ಮಹಾಗ್ರಂಥವು 1941ರ ಏಪ್ರಿಲ್‌ನಲ್ಲಿ ಅಚ್ಚಿನ ಮನೆಯಲ್ಲಿರುವಾಗಲೇ ಜರ್ಮನ್ ವಿಮಾನಗಳು ಬೆಲ್‌ಗ್ರೇಡಿನ ಮೇಲೆ ಬಾಂಬು ಸುರಿದು ಆ ಮುದ್ರಣಾಲಯವನ್ನು ನೆಲಸಮ ಮಾಡಿದವು. ಅಚ್ಚಾಗಿದ್ದ ಹಾಳೆಗಳಲ್ಲಿ ಬಹುಪಾಲು ಹೇಗೋ ಉಳಿದುಕೊಂಡವು.

ಆದರೂ 1958ರಲ್ಲಿ ಮಿಲಾಂಕೋವಿಚ್ ಕಾಲವಾದಾಗ ಅವನ ಸಿದ್ಧಾಂತಕ್ಕೆ ಮಾನ್ಯತೆ ತಗ್ಗುತ್ತಲಿದ್ದಿತು. ಆಗ ತಾನೇ ಬಳಕೆಗೆ ಬಂದಿದ್ದ ರೇಡಿಯೋಕಾರ್ಬನ್ ಕಾಲಗಣನೆಯು ಉತ್ತರ ಅಮೆರಿಕದ ಹಿಮನದಿಗಳ ಮುನ್ನಡೆ ಹಿನ್ನಡೆಗಳಿಗೆ ಕೊಟ್ಟ ತಾರೀಖುಗಳು ಅವನ ರೇಖೆಯೊಡನೆ ಹೊಂದದೆ ಹೋದವು. ಸಿದ್ಧಾಂತವನ್ನು ಒರೆಗೆ ಹಚ್ಚಬೇಕಾದರೆ ಹಿಮನದಿಗಳು ಒಂದರ ಗುರುತನ್ನು ಒಂದು ಅಳಿಸಿ ಹೋದ ನೆಲವು ಸಾಲದು. ಅಖಂಡವಾಗಿ, ಕ್ರಮ ತಪ್ಪದೆ ಉಳಿದುಬಂದ ದಾಖಲೆಯೊಂದು ಬೇಕಾಗಿದ್ದಿತು.

ಅಂತಹ ದಾಖಲೆಯ ಲಿಪಿಯನ್ನು ಓದುವ ಉಪಾಯವು ಕೋಪನ್‌ಹೇಗನ್ನಿನ ಒಂದು ಮನೆಯ ಹಿತ್ತಿಲಲ್ಲಿ, ಖಾಲಿ ಬಿಯರ್ ಸೀಸೆಯೊಂದರಿಂದ ಪ್ರಾರಂಭವಾಯಿತೆಂದರೆ ಓದುಗರು ನಗಬಾರದು. 1952ರ ಜೂನ್ ತಿಂಗಳಲ್ಲಿ ವಿಲ್ಲಿ ಡಾನ್ಸ್‌ಗಾರ್ಡ್ ಎಂಬ ಭೌತವಿಜ್ಞಾನಿಯು ಸೀಸೆಯ ಬಾಯಿಗೆ ಆಲಿಕೆಯನ್ನಿಟ್ಟು, ಎಡೆಬಿಡದೆ ಸುರಿಯುತ್ತಿದ್ದ ಮಳೆಯ ನೀರನ್ನು ಗಳಿಗೆಗೊಮ್ಮೆ ಬೇರೆ ಬೇರೆಯಾಗಿ ಹಿಡಿದಿಟ್ಟು ತನ್ನ ಪ್ರಯೋಗಶಾಲೆಯಲ್ಲಿ ತೂಗಿ ನೋಡಿದನು. ನೀರಿನ ಅಣುಗಳೆಲ್ಲ ಒಂದೇ ತೂಕದವಲ್ಲ. ಸುಮಾರು ಐನೂರರಲ್ಲಿ ಒಂದು ಅಣುವಿನೊಳಗಿನ ಆಮ್ಲಜನಕವು ಹದಿನಾರರ ಬದಲು ಹದಿನೆಂಟರ ತೂಕದ್ದಾಗಿರುತ್ತದೆ. ಆವಿಯಾಗುವಾಗ ಈ ಭಾರದ ಅಣುಗಳು ಹಿಂದುಳಿಯುತ್ತವೆ, ಮಳೆಯಾಗುವಾಗ ಮೊದಲು ಉದುರುತ್ತವೆ. ಆದುದರಿಂದ ಮೋಡವು ತಣ್ಣಗಾದಷ್ಟೂ ಅದರಿಂದ ಬೀಳುವ ನೀರಿನಲ್ಲಿ ಭಾರದ ಅಣುಗಳ ಪ್ರಮಾಣವು ಕಡಮೆಯಾಗುತ್ತ ಹೋಗುತ್ತದೆ. ಮೋಡದ ಉಷ್ಣತೆಗೆ ಅನುಗುಣವಾಗಿ ಸೀಸೆಯ ನೀರಿನ ಅನುಪಾತ ಬದಲಾಗಿದ್ದುದನ್ನು ಕಂಡ ಡಾನ್ಸ್‌ಗಾರ್ಡ್, ಮುಂದೆ ಇದೇ ಅಳತೆಯನ್ನು ಗ್ರೀನ್‌ಲ್ಯಾಂಡಿನ ಹಳೆಯ ಹಿಮಕ್ಕೆ ಅನ್ವಯಿಸಬಹುದೆಂದು ಊಹಿಸಿದನು. ಅಲ್ಲಿ ಕ್ಯಾಂಪ್ ಸೆಂಚುರಿ ಎಂಬ ಅಮೆರಿಕದ ಸೇನಾನೆಲೆಯಲ್ಲಿ 1966ರಲ್ಲಿ ಹಿಮದ ಹಾಸಿನ ಮೇಲಿನಿಂದ ತಳದವರೆಗೆ, 1387 ಮೀಟರು ಆಳಕ್ಕೆ, ಕೊರೆದು ತೆಗೆದ ಹಿಮದಂಡವು ಅವನ ಕೈಗೆ ಬಂದಾಗ, ಹಿಮಯುಗದ ಚಳಿಯೂ ಅದರಿಂದ ಹೊರಬಂದ ಮಾರ್ಗವೂ ಅದರಲ್ಲಿ ಕಾಣಿಸಿಕೊಂಡವು. ಆದರೆ ಗ್ರೀನ್‌ಲ್ಯಾಂಡಿನಲ್ಲಿ ಹಿಮ ಧಾರಾಳವಾಗಿ ಬೀಳುತ್ತದೆ. ಒಂದೊಂದು ವರ್ಷವೂ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಅಲ್ಲಿನ ದಾಖಲೆ ಸವಿಸ್ತರವಾದುದು, ಆದರೆ ಬಹಳ ಹಿಂದಕ್ಕೆ ಹೋಗುವಂತಹುದಲ್ಲ.

ಮಿಲಾಂಕೋವಿಚ್‌ನ ಪುನಃಪ್ರತಿಷ್ಠೆಯು ಹಿಮಕ್ಕಿಂತ ಮೊದಲು ಸಮುದ್ರದ ಕೆಸರಿನಿಂದ ಆಯಿತೆಂಬುದನ್ನು ಇಲ್ಲಿ ಒಪ್ಪಿ ಹೇಳಬೇಕು. 1976ರಲ್ಲಿ ಹೇಸ್, ಇಂಬ್ರಿ, ಶ್ಯಾಕಲ್ಟನ್ ಎಂಬ ಮೂವರು ನಮ್ಮ ಹಿಂದೂ ಮಹಾಸಾಗರದ ದಕ್ಷಿಣಭಾಗದ ತಳದಿಂದ ತೆಗೆದ ಎರಡು ಕೆಸರಿನ ದಂಡಗಳನ್ನು ಪರೀಕ್ಷಿಸಿ, ಕಳೆದ ನಾಲ್ಕೂವರೆ ಲಕ್ಷ ವರ್ಷಗಳ ಏರಿಳಿತಗಳಲ್ಲಿ 23,000, 42,000 ಮತ್ತು ಒಂದು ಲಕ್ಷ ವರ್ಷಗಳ ಲಯಗಳು ಅಡಗಿರುವುದನ್ನು ತೋರಿಸಿದರು. ಬೆಲ್‌ಗ್ರೇಡಿನ ಲೆಕ್ಕ ಸುಳ್ಳಲ್ಲವೆಂಬುದು ಖಚಿತವಾಯಿತು. ಆದರೆ ಕೆಸರು ಹೇಳಲಾರದ ಒಂದು ಸಂಗತಿಯಿದ್ದಿತು. ಆ ಯುಗಗಳಲ್ಲಿ ಭೂಮಿಯ ಹವೆ ಹೇಗಿತ್ತು?

ಅದಕ್ಕೆ ಉತ್ತರ ಕೊಟ್ಟ ಹಿಮವು ದೊರೆತ ವೋಸ್ತೋಕ್ ಎಂಬ ಠಾಣೆಯನ್ನು ಸೋವಿಯತ್ ಜನರು 1957ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕದ ಒಳನಾಡಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 3500 ಮೀಟರು ಎತ್ತರದ ಹಿಮಪ್ರಸ್ಥಭೂಮಿಯ ಮೇಲೆ ಸ್ಥಾಪಿಸಿದರು. 1983ರ ಜುಲೈ 21ರಂದು ಅಲ್ಲಿ ದಾಖಲಾದ ಸೊನ್ನೆಗಿಂತ ಕೆಳಗಿನ 89.2 ಡಿಗ್ರಿ ಸೆಲ್ಸಿಯಸ್ ಉಷ್ಣತೆಗಿಂತ ಕಡಮೆಯಾದುದನ್ನು ನೆಲದ ಮೇಲಿನ ಯಾವ ಠಾಣೆಯೂ ಇದುವರೆಗೆ ಕಂಡಿಲ್ಲ. ಆ ಸ್ಥಳವು ಒಂದು ಮರುಭೂಮಿ. ವರ್ಷವೊಂದರಲ್ಲಿ ಬೀಳುವ ಹಿಮವನ್ನೆಲ್ಲ ಕರಗಿಸಿದರೆ ಎರಡು ಸೆಂಟಿಮೀಟರು ನೀರಾಗುವುದೂ ಕಷ್ಟ. ಹಾಗಿರುವುದರಿಂದಲೇ ಅಲ್ಲಿನ ಮೂರೂಮುಕ್ಕಾಲು ಕಿಲೋಮೀಟರು ದಪ್ಪದ ಹಾಸಿನಲ್ಲಿ ಲಕ್ಷಗಟ್ಟಲೆ ವರ್ಷಗಳು ಅಡಗಿ ಕುಳಿತಿವೆ. 1970ರಲ್ಲಿ ಆರಂಭವಾದ ಆಳದ ಕೊರೆತವು ಸಲೀಸಾಗಿ ಸಾಗಿತೆಂದು ಭಾವಿಸಬಾರದು. ಕೊರೆದ ಬಾವಿಯನ್ನು ಬರಿದಾಗಿ ಬಿಟ್ಟರೆ ಸುತ್ತಲಿನ ಹಿಮದ ಒತ್ತಡಕ್ಕೆ ಅದು ಮೆಲ್ಲನೆ ಮುಚ್ಚಿಕೊಂಡು ಯಂತ್ರವನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕಾಗಿ ಸೀಮೆಎಣ್ಣೆಗೆ ಭಾರದ ದ್ರವವೊಂದನ್ನು ಬೆರೆಸಿ, ಹಿಮದಷ್ಟೇ ಸಾಂದ್ರತೆಗೆ ತಂದು ಬಾವಿಯನ್ನು ತುಂಬಬೇಕು. ಇಷ್ಟಾದರೂ ಯಂತ್ರಗಳು ಸಿಕ್ಕಿಕೊಂಡವು, ಬಾವಿಗಳನ್ನು ಕೈಬಿಟ್ಟು ಪಕ್ಕಕ್ಕೆ ತಿರುಗಿ ಕೊರೆಯಬೇಕಾಯಿತು. 1982ರ ಏಪ್ರಿಲ್‌ನಲ್ಲಿ, ಧ್ರುವರಾತ್ರಿಯ ಹೊಸ್ತಿಲಲ್ಲಿ, ವಿದ್ಯುತ್ ಉತ್ಪಾದಿಸುವ ಕಟ್ಟಡಕ್ಕೆ ಬೆಂಕಿ ಬಿದ್ದು ಒಬ್ಬನು ಸತ್ತನು. ಉಳಿದ ಇಪ್ಪತ್ತು ಜನರು ತಾವೇ ತಗಡಿನಿಂದ ಮಾಡಿಕೊಂಡ ಒಲೆಗಳನ್ನು ನಂಬಿ ಆ ಚಳಿಗಾಲವನ್ನು ಕಳೆದರು. ಯಾವ ವಿಮಾನವೂ ಆ ತಿಂಗಳುಗಳಲ್ಲಿ ಅಲ್ಲಿಗೆ ಹೋಗಲಾರದು.

ಈ ಹಿಮಕ್ಕೆ ವಾಚಕನಾಗಿ ಒದಗಿದವನು ಫ್ರಾನ್ಸಿನ ಕ್ಲೋದ್ ಲೋರಿಯುಸ್. 1965ರಲ್ಲಿ ಅಂಟಾರ್ಕ್ಟಿಕದ ತೀರದಲ್ಲಿ ದಿನದ ಕೆಲಸ ಮುಗಿಸಿ ಕುಳಿತಾಗ, ಆಳದಿಂದ ತಂದ ಹಿಮದ ಚೂರೊಂದನ್ನು ವಿಸ್ಕಿಯ ಲೋಟಕ್ಕೆ ಹಾಕಿ, ಅದರಿಂದ ಚಟಚಟನೆ ಸಿಡಿದೇಳುತ್ತಿದ್ದ ಗುಳ್ಳೆಗಳನ್ನು ನೋಡಿ, ಇವು ಪೂರ್ವಕಾಲದ ಹವೆಯ ಅಸಲು ಮಾದರಿಗಳೇ ಇರಬೇಕೆಂದು ಅವನಿಗೆ ಹೊಳೆದಿದ್ದಿತು. ಆ ಹೊಳಹಿಗೆ ತಕ್ಕ ಹಿಮವು ದೊರೆಯಲು ಇಪ್ಪತ್ತು ವರ್ಷ ಹಿಡಿಯಿತು. ಶೀತಲಯುದ್ಧ ತೀವ್ರವಾಗಿದ್ದ 1984ರ ಕೊನೆಯಲ್ಲಿ, ಸೋವಿಯತ್ ಠಾಣೆಯ ಹಿಮವನ್ನು ಫ್ರೆಂಚ್ ವಿಜ್ಞಾನಿಗಳು ಅಮೆರಿಕದ ವಿಮಾನದಲ್ಲಿ ಹೊತ್ತು ತರುವ ಏರ್ಪಾಡಾಯಿತು. ರಾಜಕಾರಣಿಗಳು ಮಾತಾಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ಈ ಮೂರು ದೇಶಗಳವರು ಹಿಮದ ಪೆಟ್ಟಿಗೆಗಳನ್ನು ಒಟ್ಟಿಗೆ ಎತ್ತಿದರೆಂಬುದನ್ನು ಇತಿಹಾಸಕಾರರು ಇನ್ನಷ್ಟು ಗಮನಿಸಬೇಕಾಗಿತ್ತೆಂದು ನನಗೆ ತೋರುತ್ತದೆ.

2083 ಮೀಟರು ಉದ್ದದ ಆ ದಂಡದ ತುಂಡುಗಳನ್ನು ಗ್ರೆನೋಬಲ್ ಮತ್ತು ಸಾಕ್ಲೇಗಳಲ್ಲಿ ಪರೀಕ್ಷಿಸಿದರು. ಡಾನ್ಸ್‌ಗಾರ್ಡ್ ಆಮ್ಲಜನಕವನ್ನು ಅಳೆದಂತೆ ಇಲ್ಲಿ ಝಾನ್ ಝುಜೆಲ್ ಮತ್ತು ಅವನ ಸಂಗಡಿಗರು ಭಾರದ ಜಲಜನಕವಾದ ಡ್ಯೂಟೀರಿಯಮ್ಮನ್ನು ಅಳೆದು ಪುರಾತನ ಉಷ್ಣತೆಯ ರೇಖೆಯನ್ನು ಬರೆದರು. ಹವೆಯನ್ನು ಅಳೆಯುವ ಕೆಲಸ ಬಾರ್ನೋಲಾ ಮತ್ತು ರೇನೋ ಅವರದು. ತುಂಡಿನ ಹೊರಮೈಯನ್ನು ಕೆತ್ತಿ ತೆಗೆದು ಒಳಗಿನ ಸ್ವಚ್ಛ ಹಿಮವನ್ನು ಮಾತ್ರ ಉಳಿಸಿಕೊಂಡು, ಗಾಳಿಯನ್ನೆಲ್ಲ ಹೀರಿ ತೆಗೆದ ಪಾತ್ರೆಯೊಳಗೆ ಅದನ್ನು ಕರಗಿಸದೆಯೇ ಪುಡಿಮಾಡಿ, ಒಡೆದ ಗುಳ್ಳೆಗಳಿಂದ ಹೊರಬಿದ್ದ ಅತ್ಯಲ್ಪ ಹವೆಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆಯೆಂದು ನೋಡಬೇಕು. ಕರಗಿಸಿದರೆ ನೀರು ಆ ಅನಿಲವನ್ನು ತನ್ನಲ್ಲಿ ಸೇರಿಸಿಕೊಂಡು ಅಳತೆಯನ್ನು ಕೆಡಿಸುತ್ತದೆ. ಗ್ರೀನ್‌ಲ್ಯಾಂಡಿನ ಹಿಮ ಈ ಅಳತೆಗೆ ಒದಗದಿರುವುದಕ್ಕೂ ಇಂತಹುದೇ ಕಾರಣ. ಅಲ್ಲಿನ ಹಿಮದಲ್ಲಿ ಬೆರೆತ ಸುಣ್ಣದಂಶದ ಧೂಳಿನಿಂದ ಹಿಮದೊಳಗೇ ಹೊಸದಾಗಿ ಡೈಆಕ್ಸೈಡ್ ಹುಟ್ಟಿ ಲೆಕ್ಕವನ್ನು ಉಬ್ಬಿಸುತ್ತದೆ. ಅಂಟಾರ್ಕ್ಟಿಕದ ನಡುನಾಡಿಗೆ ಅಷ್ಟು ಧೂಳು ತಲುಪುವುದಿಲ್ಲ.

1987ರಲ್ಲಿ ಪ್ರಕಟವಾದ ಫಲಿತಾಂಶವನ್ನು ಕಂಡವರು ಬೆರಗಾದರು. ಒಂದು ಲಕ್ಷದ ಅರವತ್ತು ಸಾವಿರ ವರ್ಷಗಳ ಉದ್ದಕ್ಕೂ ಉಷ್ಣತೆಯ ರೇಖೆಯೂ ಇಂಗಾಲದ ಡೈಆಕ್ಸೈಡಿನ ರೇಖೆಯೂ ಒಟ್ಟೊಟ್ಟಿಗೇ ಏರಿ ಇಳಿದಿದ್ದವು. ಹಿಮಯುಗದ ಪರಾಕಾಷ್ಠೆಯಲ್ಲಿ ಹವೆಯ ದಶಲಕ್ಷ ಭಾಗಗಳಲ್ಲಿ ಸುಮಾರು 190 ಭಾಗವಿದ್ದ ಅನಿಲವು, ಹಿಮ ಹಿಂಜರಿದ ಬೆಚ್ಚನೆಯ ಕಾಲದಲ್ಲಿ 270, 280ಕ್ಕೆ ಏರಿದ್ದಿತು. ಮುಂದೆ 1999ರಲ್ಲಿ ವೋಸ್ತೋಕ್‌ನ ದಾಖಲೆಯೇ 4,20,000 ವರ್ಷಗಳಿಗೆ ವಿಸ್ತರಿಸಿದಾಗ ನಾಲ್ಕು ಹಿಮಯುಗಗಳಲ್ಲಿಯೂ ಅದೇ ನಡೆ ಕಂಡಿತು. ಅದೇ ಗುಳ್ಳೆಗಳಲ್ಲಿದ್ದ ಮೀಥೇನ್ ಅನಿಲವು ಇನ್ನೊಂದು ಲಯಕ್ಕೂ ಹೊಂದಿಕೊಂಡಿದ್ದಿತು. ಅಯನಚಲನೆಯಿಂದ ಉತ್ತರದ ಬೇಸಗೆ ಬಿಸಿಯೇರಿದಾಗ ನಮ್ಮ ಮುಂಗಾರು ಬಲಗೊಳ್ಳುತ್ತದೆ, ಉಷ್ಣವಲಯದ ಜೌಗುನೆಲಗಳು ವಿಸ್ತರಿಸುತ್ತವೆ, ಅಲ್ಲಿ ಹುಟ್ಟಿದ ಮೀಥೇನ್ ಅಂಟಾರ್ಕ್ಟಿಕದ ಹಿಮವನ್ನೂ ಸೇರುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ ಎಂಬ ವ್ಯಾಜ್ಯ ಒಡನೆಯೇ ಎದ್ದಿತು. ಅದನ್ನು ತೀರಿಸುವುದು ತೋರುವಷ್ಟು ಸುಲಭವಲ್ಲ. ಬಿದ್ದ ಹಿಮವು ಮೊದಲು ಸಡಿಲವಾಗಿದ್ದು, ಸುಮಾರು ನೂರು ಮೀಟರು ಆಳಕ್ಕೆ ಹೂತುಹೋದ ಮೇಲೆ ಮಾತ್ರ ಗಟ್ಟಿಯಾಗಿ ಗುಳ್ಳೆಗಳನ್ನು ಮುಚ್ಚುತ್ತದೆ. ಅಲ್ಲಿಯವರೆಗೂ ಮೇಲಿನ ಹವೆಯು ಅದರೊಳಗೆ ಆಡುತ್ತಲೇ ಇರುತ್ತದೆ. ಹಿಮ ತೀರ ವಿರಳವಾಗಿ ಬೀಳುವ ವೋಸ್ತೋಕ್‌ನಂತಹ ಎಡೆಯಲ್ಲಿ ನೂರು ಮೀಟರು ಸೇರುವುದಕ್ಕೆ ಸಾವಿರಾರು ವರ್ಷಗಳು ಬೇಕು. ಆದುದರಿಂದ ಒಂದೇ ತುಂಡಿನಲ್ಲಿ ಹಿಮದ ವಯಸ್ಸೇ ಬೇರೆ, ಅದರೊಳಗಿನ ಹವೆಯ ವಯಸ್ಸೇ ಬೇರೆ. ಹವೆಯು ಎರಡು ಸಾವಿರದಿಂದ ಆರು ಸಾವಿರ ವರ್ಷಗಳಷ್ಟು ಕಿರಿಯದು. ಉಷ್ಣತೆಯನ್ನು ಹಿಮದಿಂದ, ಅನಿಲವನ್ನು ಗುಳ್ಳೆಯಿಂದ ಓದಿ ನೂರಾರು ವರ್ಷಗಳ ಹಿಂದುಮುಂದನ್ನು ತೀರ್ಮಾನಿಸಹೊರಟವನು ಈ ಅಂತರವನ್ನು ಮೊದಲು ಸರಿಪಡಿಸಬೇಕು. 2003ರಲ್ಲಿ ಕೆಲವರು ಉಷ್ಣತೆಯ ಸೂಚನೆಯನ್ನು ಕೂಡ ಗುಳ್ಳೆಯೊಳಗಿನ ಆರ್ಗಾನ್ ಅನಿಲದಿಂದಲೇ ಪಡೆದು, 2,40,000 ವರ್ಷಗಳ ಹಿಂದಿನ ಕರಗುವಿಕೆಯಲ್ಲಿ ಡೈಆಕ್ಸೈಡು ದಕ್ಷಿಣದ ಉಷ್ಣತೆಗಿಂತ ಸುಮಾರು ಎಂಟುನೂರು ವರ್ಷ ಹಿಂದೆ ಇದ್ದಿತೆಂದರು. ಹತ್ತು ವರ್ಷಗಳ ನಂತರ, ಕೊನೆಯ ಕರಗುವಿಕೆಯನ್ನು ಪರಿಶೀಲಿಸಿದವರಿಗೆ ಎರಡೂ ಹೆಚ್ಚು ಕಡಮೆ ಏಕಕಾಲದಲ್ಲಿ ಏರಿದಂತೆ ಕಂಡಿತು. ಇವೆರಡರಲ್ಲಿ ಯಾವುದನ್ನೊಪ್ಪಿದರೂ ಅರ್ಥ ಬದಲಾಗುವುದಿಲ್ಲ. ಕಕ್ಷೆಯ ಬದಲಾವಣೆ ಕರಗುವಿಕೆಯನ್ನು ಆರಂಭಿಸುತ್ತದೆ. ಬೆಚ್ಚಗಾದ ದಕ್ಷಿಣ ಸಮುದ್ರವು ತಾನು ನುಂಗಿದ್ದ ಡೈಆಕ್ಸೈಡನ್ನು ಹೊರಬಿಡುತ್ತದೆ. ಆ ಅನಿಲವು ಶಾಖವನ್ನು ಹಿಡಿದಿಟ್ಟು ಇಡೀ ಭೂಮಂಡಲದ ಬಿಸಿಯನ್ನು ಹೆಚ್ಚಿಸುತ್ತದೆ. ಮಿಲಾಂಕೋವಿಚ್ ಕಾಲವನ್ನು ಸರಿಯಾಗಿ ಹೇಳಿದ್ದನು. ಪ್ರಮಾಣವನ್ನು ವಿವರಿಸಲು ಬಿಸಿಲೊಂದೇ ಸಾಲದೆಂಬುದನ್ನು ವೋಸ್ತೋಕ್ ಹೇಳಿತು.

ಹಿಮವನ್ನು ನಂಬುವುದಕ್ಕೂ ಒಂದು ಮಿತಿಯುಂಟು. ಹಾಸಿನ ತಳಭಾಗದ ಪದರುಗಳು ಮೇಲಿನ ಭಾರಕ್ಕೆ ದೋಸೆಕಲ್ಲಿನ ಮೇಲಿನ ಹಿಟ್ಟಿನಂತೆ ಹರಡಿ ತೆಳುವಾಗುತ್ತವೆ, ತಳದ ಕಲ್ಲುಗುಡ್ಡಗಳನ್ನು ಹಾಯುವಾಗ ಮಡಿಸಿಕೊಳ್ಳುತ್ತವೆ. ಮಡಿಸಿಕೊಂಡುದನ್ನು ಪತ್ತೆಹಚ್ಚಿದ ರೀತಿ ಸ್ವಾರಸ್ಯವಾದುದು. 1992 ಮತ್ತು 1993ರಲ್ಲಿ ಗ್ರೀನ್‌ಲ್ಯಾಂಡಿನ ನೆತ್ತಿಯಲ್ಲಿ ಯುರೋಪಿನವರೂ ಅಮೆರಿಕದವರೂ ಒಬ್ಬರಿಂದೊಬ್ಬರು 28 ಕಿಲೋಮೀಟರು ದೂರದಲ್ಲಿ ಬೇರೆ ಬೇರೆಯಾಗಿ ಮೂರು ಕಿಲೋಮೀಟರು ಮೀರಿದ ಬಾವಿಗಳನ್ನು ಕೊರೆದರು. ಎರಡರ ದಾಖಲೆಗಳೂ ಮೇಲಿನ ಒಂಬತ್ತು ಪಾಲಿನವರೆಗೆ ಅಚ್ಚೊತ್ತಿದಂತೆ ಒಂದೇ ಆಗಿದ್ದು, ತಳದ ಹತ್ತನೆಯ ಪಾಲಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ಹಿಂದಿನ ಬೆಚ್ಚನೆಯ ಯುಗದಲ್ಲಿಯೇ ಹಠಾತ್ತಾದ ಚಳಿಗಳು ಬಂದುಹೋದವೆಂದು ಯುರೋಪಿನ ದಂಡದಿಂದ ಓದಿದುದು ಹವೆಯ ಚರಿತ್ರೆಯಲ್ಲ, ಹಿಮದ ಮಡಿಕೆ ಎಂಬುದು ಹೀಗೆ ಬಯಲಾಯಿತು. ಕಾಲಗಣನೆಯಲ್ಲಿಯೂ ಇಂತಹುದೊಂದು ಅಪಾಯವಿದೆ: ವೋಸ್ತೋಕ್‌ನಲ್ಲಿ ವಾರ್ಷಿಕ ಪದರುಗಳನ್ನು ಎಣಿಸಲಾಗದಾದ್ದರಿಂದ, ಹಿಮದ ಏರಿಳಿತಗಳನ್ನು ಕಕ್ಷೆಯ ರೇಖೆಗೆ ಹೊಂದಿಸಿ ವಯಸ್ಸನ್ನು ನಿಶ್ಚಯಿಸುವ ಪದ್ಧತಿಯೊಂದು ಬೆಳೆಯಿತು, ಹಾಗೆ ಹೊಂದಿಸಿದ ದಾಖಲೆಯನ್ನೇ ತೋರಿಸಿ ಕಕ್ಷೆಯ ಸಿದ್ಧಾಂತ ಸಿದ್ಧವಾಯಿತೆಂದರೆ ಅದು ಚಕ್ರದೋಷವಾಗುತ್ತದೆ. ಹಿಮದ ಹರಿವಿನ ಲೆಕ್ಕ, ಜ್ವಾಲಾಮುಖಿಗಳ ಬೂದಿ ಇವುಗಳಿಂದ ಬೇರೆಯಾಗಿ ಬಂದ ವಯಸ್ಸುಗಳೂ ಒಪ್ಪಿದುದರಿಂದ ಮಾತ್ರ ಆ ಆಕ್ಷೇಪ ತಗ್ಗಿತು.

ಬಗೆಹರಿಯದೆ ಉಳಿದುದು ಒಂದು ಲಕ್ಷ ವರ್ಷದ ಒಗಟು. ಕಕ್ಷೆಯ ಆಕಾರ ಬದಲಾದುದರಿಂದ ಭೂಮಿಗೆ ವರ್ಷದಲ್ಲಿ ಬರುವ ಒಟ್ಟು ಬಿಸಿಲಿನಲ್ಲಾಗುವ ವ್ಯತ್ಯಾಸವು ಶೇಕಡಾ ಒಂದರ ಕಾಲುಭಾಗವನ್ನೂ ಮುಟ್ಟುವುದಿಲ್ಲ. ಆದರೂ ದೊಡ್ಡ ಹಿಮಯುಗಗಳು ಬಂದುಹೋಗಿರುವುದು ಆ ಲಯದಲ್ಲಿಯೇ. ಇದಕ್ಕಿಂತ ವಿಚಿತ್ರವೆಂದರೆ, ಸುಮಾರು ಹತ್ತು ಲಕ್ಷ ವರ್ಷಗಳ ಹಿಂದಕ್ಕೆ ಹೋದರೆ ಸಮುದ್ರದ ಕೆಸರಿನಲ್ಲಿ ಆ ಲಯ ಮರೆಯಾಗಿ, 41,000 ವರ್ಷಗಳ, ಅಂದರೆ ಅಕ್ಷದ ಓರೆಯ, ಲಯವೇ ಆಳುತ್ತಿರುವುದು ಕಾಣುತ್ತದೆ. ಕಕ್ಷೆಯ ನಿಯಮಗಳು ನಡುವೆ ಬದಲಾಗಲಿಲ್ಲ. ಆದುದರಿಂದ ಬದಲಾದುದು ಭೂಮಿಯೇ. ಹವೆಯಲ್ಲಿನ ಡೈಆಕ್ಸೈಡು ಕ್ರಮೇಣ ಕುಗ್ಗಿದುದೇ ಕಾರಣವೆಂದು ಕೆಲವರು. ಹಿಮನದಿಗಳು ಜಾರುವ ಮೆತ್ತನೆಯ ಮಣ್ಣನ್ನು ಸವೆಸಿ ಕಲ್ಲನ್ನು ಮುಟ್ಟಿದ ಮೇಲೆ ಹಾಸುಗಳು ದಪ್ಪವಾಗಿ ಬೆಳೆಯಲು ಶಕ್ತವಾದವೆಂದು ಇನ್ನು ಕೆಲವರು.

ಅಂಟಾರ್ಕ್ಟಿಕದ ಡೋಮ್ ಸಿ ಎಂಬ ದಿಣ್ಣೆಯಲ್ಲಿ ಯುರೋಪಿನವರು 2004ರಲ್ಲಿ ಮುಗಿಸಿದ ಕೊರೆತದಿಂದ ಎಂಟು ಲಕ್ಷ ವರ್ಷಗಳ ಹಿಮ ದೊರೆತಿತ್ತು. ಆ ಎಂಟು ಲಕ್ಷ ವರ್ಷಗಳಲ್ಲಿ ಡೈಆಕ್ಸೈಡು ಒಮ್ಮೆಯೂ ದಶಲಕ್ಷಕ್ಕೆ 300 ಭಾಗಗಳನ್ನು ಗಮನಾರ್ಹವಾಗಿ ಮೀರಿರಲಿಲ್ಲ. ಇಂದು ನಾವು ಉಸಿರಾಡುವ ಹವೆಯಲ್ಲಿ ಅದು 420ನ್ನು ದಾಟಿದೆ. ಆದರೆ ಲಯ ಬದಲಾದ ಕಾಲಕ್ಕೆ ಆ ಹಿಮವೂ ತಲುಪಲಿಲ್ಲ. 2025ರ ಜನವರಿಯಲ್ಲಿ ಅಲ್ಲಿಗೆ ಸಮೀಪದ ಲಿಟ್ಲ್ ಡೋಮ್ ಸಿಯಲ್ಲಿ 2800 ಮೀಟರು ಆಳಕ್ಕೆ ಕೊರೆದು ತಳದ ಕಲ್ಲನ್ನು ಮುಟ್ಟಿದವರಿಗೆ ಹನ್ನೆರಡು ಲಕ್ಷ ವರ್ಷಗಳಿಗೂ ಹಿಂದಿನ ಹಿಮ ದೊರೆತಿದೆ. ಅದರ ಕೆಳಭಾಗದಲ್ಲಿ ಒಂದೇ ಮೀಟರಿನೊಳಗೆ ಹದಿಮೂರು ಸಾವಿರದವರೆಗೆ ವರ್ಷಗಳು ಅದುಮಿಕೊಂಡು ಕುಳಿತಿವೆ. ಓರೆಯ ಲಯವು ಆಳುತ್ತಿದ್ದ ಆ ಕಾಲದ ಹಿಮಯುಗಗಳಲ್ಲಿ ಡೈಆಕ್ಸೈಡು ಈಚಿನ ಹಿಮಯುಗಗಳಲ್ಲಿ ಇದ್ದುದಕ್ಕಿಂತ ಹೆಚ್ಚಾಗಿದ್ದಿತೆಂದು ಆ ಗುಳ್ಳೆಗಳು ಹೇಳಿದರೆ ಮೊದಲನೆಯ ಪಕ್ಷಕ್ಕೆ ಬಲ ಬರುತ್ತದೆ, ಇಲ್ಲವಾದರೆ ಮಣ್ಣಿನ ವಾದಿಗಳ ಮಾತನ್ನು ಕೇಳಬೇಕಾಗುತ್ತದೆ. ಅಳತೆ ಪೂರ್ಣವಾಗುವ ಮುನ್ನ ಇವೆರಡರಲ್ಲಿ ಯಾವ ಪಕ್ಷವನ್ನು ಯಾರು ಎಷ್ಟು ಗಟ್ಟಿಯಾಗಿ ಮಂಡಿಸಿದರೂ ಒಪ್ಪಿಕೊಳ್ಳಲು ಅವಸರಪಡಬೇಕಾಗಿಲ್ಲ.